ಆ್ಯಪ್ ತೋರಿಸಿದ್ದು 74 ಕಿಲೋಮೀಟರ್, ಗಾಡಿ ಓಡಿದ್ದು 121

ಬೆಂಗಳೂರಲ್ಲಿ ಊಟದ ಡೆಲಿವರಿಗೆ ಸೇರಿದ ಮೊದಲ ತಿಂಗಳು, ಆ್ಯಪ್ ತೋರಿಸುವ ಮೊತ್ತವೇ ನನ್ನ ದುಡಿಮೆ ಅಂದುಕೊಂಡಿದ್ದೆ. ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದು ಶನಿವಾರ ಹೊರಡುವಾಗ ಸ್ಕೂಟರಿನ ಮೀಟರ್ ಫೋಟೊ ತೆಗೆದೆ, ರಾತ್ರಿ ಮನೆಗೆ ಬಂದು ಇನ್ನೊಂದು ತೆಗೆದೆ.

ಮಧ್ಯಾಹ್ನ 12ರಿಂದ ರಾತ್ರಿ 11ರವರೆಗೆ 18 ಆರ್ಡರ್. ಅದಕ್ಕೆ 684 ರೂಪಾಯಿ, ಇನ್ಸೆಂಟಿವ್ 225, ಒಟ್ಟು 909. ಟ್ರಾಫಿಕ್‌ನಲ್ಲಿ ನನ್ನ ಗಾಡಿ ಲೀಟರಿಗೆ 42 ಕೊಡುತ್ತದೆ, ಹಾಗಾಗಿ ಪೆಟ್ರೋಲಿಗೇ ಹತ್ತಿರ ಹತ್ತಿರ 300 ಹೋಯಿತು. ಆಯಿಲ್, ಬ್ರೇಕ್ ಶೂ, ಟೈರ್, ಬೆಲ್ಟ್ ಎಲ್ಲ ಸೇರಿ ಕಿಲೋಮೀಟರಿಗೆ 70 ಪೈಸೆ ಅಂತ ಎತ್ತಿಡುತ್ತೇನೆ, ಅದು 85. ಯಾಕಂದ್ರೆ 3000 ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲ್ ನನಗೆ ತಿಂಗಳಿಗೇ ಬಂದುಬಿಡುತ್ತದೆ. ಟೀ, ಊಟ 90. ಉಳಿದದ್ದು 434, ಅಂದರೆ ಗಂಟೆಗೆ 40 ರೂಪಾಯಿ ಕೂಡ ಇಲ್ಲ.

ಆ್ಯಪ್ ತೋರಿಸಿದ 74ಕ್ಕೂ ಮೀಟರ್ ತೋರಿಸಿದ 121ಕ್ಕೂ ಮಧ್ಯದ 47 ಕಿಲೋಮೀಟರ್ ಎಲ್ಲಿ ಹೋಯಿತು? ಖಾಲಿ ವಾಪಸ್ ಬರೋದರಲ್ಲಿ! ಆಗ ನನ್ನ ಜೋನ್ ಎಚ್‌ಎಸ್‌ಆರ್ ಲೇಔಟ್. ಅಲ್ಲಿ ಹೋಟೆಲ್‌ಗಳು ಬೇಕಾದಷ್ಟಿವೆ, ಆದರೆ ಡ್ರಾಪ್ ಬೇಗೂರು, ಕೂಡ್ಲು ಕಡೆ ಬಿದ್ದರೆ ವಾಪಸ್ ಆರ್ಡರ್ ಸಿಗುತ್ತಿರಲಿಲ್ಲ. ಸುಮ್ನೆ ಅರ್ಧ ಗಂಟೆ ಕಾದು ಖಾಲಿ ಗಾಡಿ ಓಡಿಸಿಕೊಂಡು ಬರಬೇಕಿತ್ತು.

ಆಮೇಲೆ ಆರ್ಡರ್ ನೋಡೋ ರೀತಿಯೇ ಬದಲಾಯಿತು. ನನ್ನ ಗಾಡಿ ಖರ್ಚು ಕಿಲೋಮೀಟರಿಗೆ 3 ರೂಪಾಯಿ 15 ಪೈಸೆ. 6 ಕಿಲೋಮೀಟರ್ ದೂರಕ್ಕೆ 45 ರೂಪಾಯಿ ಅಂದಾಗ ಆಸೆ ಆಗುತ್ತದೆ, ಅಲ್ವಾ? ವಾಪಸ್ ಸೇರಿಸಿದರೆ 12 ಕಿಲೋಮೀಟರ್, ಖರ್ಚು 38, ಉಳಿಯೋದು 7. ಅದೇ ಒಂದೂವರೆ ಕಿಲೋಮೀಟರಿನ 28 ರೂಪಾಯಿ ಆರ್ಡರ್‌ನಲ್ಲಿ 18 ಉಳಿಯುತ್ತದೆ, ಹತ್ತೇ ನಿಮಿಷದಲ್ಲಿ ಮತ್ತೆ ಹೋಟೆಲ್ ಮುಂದೆ ಇರುತ್ತೇನೆ.

ಜಯನಗರಕ್ಕೆ ಜೋನ್ ಬದಲಿಸಿಕೊಂಡೆ. ಒಂದೊಂದು ಆರ್ಡರ್‌ಗೆ ಸಿಗೋ ಮೊತ್ತ ಕಮ್ಮಿ, ಆದರೆ ದಾರಿ ಚಿಕ್ಕದು, ಮನೆಯೂ ಬನಶಂಕರಿಯಲ್ಲೇ. ಹನ್ನೆರಡೂವರೆಯಿಂದ ಎರಡೂವರೆ, ಆಮೇಲೆ ರಾತ್ರಿ ಏಳೂವರೆಯಿಂದ ಹತ್ತೂವರೆ, ಆರ್ಡರ್ ಜಾಸ್ತಿ ಬರೋದು ಇಷ್ಟೇ ಹೊತ್ತು. ಮೂರರಿಂದ ಆರರವರೆಗೆ ಲಾಗೌಟ್ ಮಾಡಿ ಮನೆಗೆ ಬರುತ್ತೇನೆ. ಮೊದಲು ಆ ಹೊತ್ತಲ್ಲಿ ಅಂಗಡಿ ಮುಂದೆ ಕೂತು ಟೀ ಕುಡಿದೇ ದುಡ್ಡು ಕಳೆಯುತ್ತಿದ್ದೆ.

ದೂರದ ಆರ್ಡರ್ ಎಲ್ಲ ಬೇಡ ಅನ್ನೋಕಾಗಲ್ಲ, ಜಾಸ್ತಿ ರಿಜೆಕ್ಟ್ ಮಾಡಿದರೆ ಆ ದಿನದ ಇನ್ಸೆಂಟಿವ್ ಹೋಗುತ್ತದೆ. ಅದಕ್ಕೇ ಸಮಯ ಇರುವಾಗ ಬಂದದ್ದನ್ನು ತೆಗೆದುಕೊಂಡು ಇನ್ಸೆಂಟಿವ್ ಎಣಿಕೆ ತುಂಬಿಸುತ್ತೇನೆ, ಹತ್ತು ಕಾಲಾದ ಮೇಲೆ ಬನಶಂಕರಿ ಕಡೆಯ ಡ್ರಾಪ್ ಬಂದರೆ ಮಾತ್ರ ಒಪ್ಪಿಕೊಳ್ಳೋದು.