ಎಲ್ಲ ಆಫ್ ಇದ್ದರೂ ರಾತ್ರಿ ಟ್ರಿಪ್: ಕರೆಂಟು ಸೋರುವ ಲೈನ್ ಹುಡುಕುವುದು ಹೇಗೆ?

ಏಪ್ರಿಲ್‌ನಲ್ಲಿ ದಾವಣಗೆರೆಯ ಒಂದು ಮನೆಯಿಂದ ಕರೆ ಬಂತು. "ಎಲ್ಲಾ ಆಫ್ ಮಾಡೀವಿ, ಆದ್ರೂ ರಾತ್ರಿ ಹತ್ತಾದ್ರೆ ಇಎಲ್‌ಸಿಬಿ ಬೀಳ್ತೈತಲ್ರೀ!" ಇಎಲ್‌ಸಿಬಿ ಎಂದರೆ ಕರೆಂಟು ಅರ್ತ್‌ಗೆ ಸೋರಿದರೆ ತಾನೇ ಬಿದ್ದು ಸಪ್ಲೈ ಕಡಿಯುವ ಬ್ರೇಕರ್. ಹಗಲಿನಲ್ಲಿ ಏನೂ ತೊಂದರೆಯಿಲ್ಲ. ಇಂಥ ಕಡೆ ಬ್ರೇಕರ್ ಹಾಳಾಗಿದೆ ಎಂದು ಬದಲಿಸುವವರೇ ಹೆಚ್ಚು. ಅದನ್ನು ಬೈಪಾಸ್ ಮಾಡುವುದಂತೂ ಜೀವಕ್ಕೇ ಅಪಾಯ.

ಮೊದಲು ಪ್ಲಗ್‌ಗಳನ್ನೆಲ್ಲ ಸಾಕೆಟ್‌ನಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಫೇಸ್ ಮಾತ್ರ ಕಡಿಯುತ್ತದೆ. ನಂತರ ಒಂದೊಂದು ಲೈನಿಗೂ ಇರುವ ಎಂಸಿಬಿ ಬ್ರೇಕರ್‌ಗಳನ್ನೆಲ್ಲ ಇಳಿಸಿ ಇಎಲ್‌ಸಿಬಿ ಏರಿಸಿ, ಟ್ರಿಪ್ ಆಗುವ ಹೊತ್ತು ದಾಟುವವರೆಗೆ ಕಾಯಿರಿ. ಬೀಳದಿದ್ದರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸಿ. ಯಾವುದನ್ನು ಏರಿಸಿದಾಗ ಬೀಳುತ್ತದೋ ಆ ಲೈನಿನ ಮೇಲೆ ಮೊದಲು ಅನುಮಾನಪಡಿ.

ಈ ಮನೆಯಲ್ಲಿ ಎಲ್ಲ ಎಂಸಿಬಿ ಇಳಿಸಿದ ಮೇಲೂ ಬಿತ್ತು. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಕಡಿಯುವುದಿಲ್ಲ. ಹಾಗಾಗಿ ಯಾವುದೋ ಲೈನಿನ ನ್ಯೂಟ್ರಲ್ ಅರ್ತ್‌ಗೆ ತಾಗಿರಬೇಕು ಎನಿಸಿತು.

ರಾತ್ರಿಯೇ ಯಾಕೆ? ಬೀದಿಯ ಮನೆಗಳಲ್ಲಿ ಕೂಲರ್, ಎಸಿ ಶುರುವಾದಾಗ ಮೂರು ಫೇಸ್‌ಗಳ ಲೋಡ್ ಏರುಪೇರಾಗಿ, ಬೀದಿಯ ನ್ಯೂಟ್ರಲ್‌ನಲ್ಲೇ ಕೆಲವು ವೋಲ್ಟ್ ಏಳುತ್ತದೆ. ಸಾಕೆಟ್‌ನಲ್ಲಿ ನ್ಯೂಟ್ರಲ್–ಅರ್ತ್ ಅಳೆದಾಗ ಮಧ್ಯಾಹ್ನ 1.5 ವೋಲ್ಟ್ ಇದ್ದದ್ದು, ರಾತ್ರಿ ಹತ್ತಕ್ಕೆ 4 ಆಗಿತ್ತು.

ಮುಂದಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಮೇನ್ ಇಳಿಸಿ, ಟೆಸ್ಟರ್‌ನಿಂದ ಖಚಿತ ಮಾಡಿಕೊಂಡು, ನ್ಯೂಟ್ರಲ್ ಬಾರ್‌ನಿಂದ ಎಲ್ಲ ವೈರ್ ಬಿಚ್ಚಬೇಕು. ಬಿಚ್ಚುವಾಗಲೇ ಪ್ರತಿಯೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಬೇಕು, ಇಲ್ಲದಿದ್ದರೆ ಆಮೇಲೆ ಅದೇ ಹೊಸ ಕಾಟ. ನಂತರ ಒಂದೊಂದು ವೈರ್‌ಗೂ ಅರ್ತ್ ಬಾರ್‌ಗೂ ನಡುವೆ ಮೀಟರ್ ಇಡಬೇಕು. ಅಡುಗೆಮನೆ, ಹಾಲ್, ಬೆಡ್‌ರೂಂ ಲೈನ್‌ಗಳಲ್ಲಿ ಮೀಟರ್ ಏನೂ ತೋರಿಸಲಿಲ್ಲ. ಸಂಪ್ ಮೋಟರ್ ಲೈನ್‌ನಲ್ಲಿ 120 ಓಮ್ ತೋರಿಸಿತು. ನೀರಿನಲ್ಲಿ ಮುಳುಗಿದ್ದ ಮೋಟರ್‌ಗೆ ಸ್ವಿಚ್ ಆಫ್ ಇದ್ದರೂ ನ್ಯೂಟ್ರಲ್ ಅಂಟಿಕೊಂಡೇ ಇತ್ತು.

ಲೆಕ್ಕವೂ ಹೊಂದಿತು. ಅರ್ತ್ ಗುಂಡಿಯ ರೋಧ ಸೇರಿಸಿದರೆ ಸುಮಾರು 140 ಓಮ್. ಹಗಲಿನ 1.5 ವೋಲ್ಟ್‌ಗೆ ಸೋರುವುದು 11 ಮಿಲಿಆಂಪಿಯರ್. ರಾತ್ರಿಯ 4 ವೋಲ್ಟ್‌ಗೆ 29. 30 ಮಿಲಿಆಂಪಿಯರ್‌ನ ಬ್ರೇಕರ್ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು.

ಆ ಒಂದು ನ್ಯೂಟ್ರಲ್ ಹೊರಗಿಟ್ಟು ಉಳಿದವನ್ನು ಸೇರಿಸಿ ಒಂದು ರಾತ್ರಿ ಬಿಟ್ಟೆವು, ಬೀಳಲಿಲ್ಲ. ಬೆಳಿಗ್ಗೆ ಮೋಟರ್ ಮೇಲೆತ್ತಿ ನೋಡಿದರೆ ಕೇಬಲ್ ಜಾಯಿಂಟ್‌ನ ಟೇಪ್ ಊದಿಕೊಂಡು ಒಳಗೆ ನೀರು ತುಂಬಿತ್ತು. ಜಾಯಿಂಟ್ ಕತ್ತರಿಸಿ ಮೋಟರ್ ಒಂದನ್ನೇ ಅಳೆದಾಗ ಅದರಲ್ಲಿ ದೋಷ ಕಾಣಲಿಲ್ಲ. ನೀರು ಹೋಗದ ಕಿಟ್ ಹಾಕಿ ಹೊಸ ಜಾಯಿಂಟ್ ಮಾಡಿ, ಮೋಟರ್‌ಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಕೂರಿಸಿದೆವು.