ಗುಂಪು ಪ್ರಾಜೆಕ್ಟ್: ನಿಮ್ಮ ಪಾಲು, ನಿಮ್ಮ ಭಿನ್ನಾಭಿಪ್ರಾಯ ಬರೆಯುವುದು ಹೇಗೆ?

ಸಮಾಜಶಾಸ್ತ್ರದ ಗುಂಪು ಪ್ರಾಜೆಕ್ಟ್ ಮುಗಿದ ಮೇಲೆ ಪ್ರತಿಯೊಬ್ಬರೂ ಆತ್ಮಾವಲೋಕನದ ಟಿಪ್ಪಣಿ ಕೊಡಬೇಕೆಂದರೆ, ಹೆಚ್ಚಿನವರು ‘ನಾವೆಲ್ಲ ಒಗ್ಗಟ್ಟಿನಿಂದ ದುಡಿದೆವು’ ಎಂದು ಬರೆದು ಮುಗಿಸಿಬಿಡುತ್ತಾರೆ. ಓದುವ ಮೇಷ್ಟ್ರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ವರ ತಂಡ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಮಹಿಳೆಯರ ಓಡಾಟ ಎಷ್ಟು ಬದಲಾಗಿದೆ ಎಂಬುದು ವಿಷಯ. 40 ಮಂದಿಯನ್ನು ಮಾತನಾಡಿಸಬೇಕು.

ಕೂತ ತಕ್ಷಣ ಬರೆಯಲು ಹೋಗಬೇಡಿ. ವಾಟ್ಸ್‌ಆ್ಯಪ್ ಗುಂಪಿನ ಹಳೆಯ ಸಂದೇಶ, ಕ್ಷೇತ್ರಕಾರ್ಯದ ನೋಟ್‌ಬುಕ್, ತಿದ್ದಿದ ಪ್ರಶ್ನಾವಳಿ ಎಲ್ಲವನ್ನೂ ಮುಂದಿಟ್ಟುಕೊಂಡು ಯಾವ ದಿನ ಯಾರು ಏನು ಮಾಡಿದರೆಂದು ಗುರುತು ಹಾಕಿಕೊಳ್ಳಿ. ಬರೀ ನೆನಪನ್ನು ನಂಬಿದರೆ ನಮ್ಮ ಪಾಲು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಂತರ ನಿಮ್ಮ ಪಾಲು. ‘ಮಾಹಿತಿ ಸಂಗ್ರಹದಲ್ಲಿ ನೆರವಾದೆ’ ಎನ್ನುವ ಬದಲು ‘ನಾನು 11 ಮಂದಿಯನ್ನು ಮಾತನಾಡಿಸಿದೆ, ಎರಡನೇ ಪ್ರಶ್ನೆ ಯಾರಿಗೂ ಅರ್ಥವಾಗದ್ದರಿಂದ ಅದನ್ನು ಆಡುಮಾತಿನಲ್ಲಿ ತಿದ್ದಿದೆ’ ಎಂದು ಬರೆಯಿರಿ. ನೀವೊಬ್ಬರೇ ಮಾಡಿದ್ದಕ್ಕೆ ‘ನಾನು’, ಕೂಡಿ ತೀರ್ಮಾನಿಸಿದ್ದಕ್ಕೆ ‘ನಾವು’. ಇವೆರಡು ಬೆರೆಯಬಾರದು.

ಹೆಚ್ಚು ಜಾಗ ಕೊಡಬೇಕಾದದ್ದು ಭಿನ್ನಾಭಿಪ್ರಾಯಕ್ಕೆ. ನಮ್ಮ ಉದಾಹರಣೆಯಲ್ಲಿ ಗೆಳೆಯನೊಬ್ಬ ಎಲ್ಲರನ್ನೂ ಬಸ್ ನಿಲ್ದಾಣದಲ್ಲೇ ಮಾತನಾಡಿಸೋಣ ಎಂದ. ಟಿಪ್ಪಣಿ ಬರೆಯುವ ಹುಡುಗಿ ಒಪ್ಪಲಿಲ್ಲ: ನಿಲ್ದಾಣದಲ್ಲಿ ಸಿಗುವವರು ಹೇಗೂ ಓಡಾಡುವವರು, ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲದಿದ್ದರೂ ಮನೆಯಿಂದ ಹೊರಡಲಾಗದವರು ಲೆಕ್ಕಕ್ಕೇ ಬರುವುದಿಲ್ಲ. ಇದು ಮಾದರಿ ಆಯ್ಕೆಯ ತಕರಾರು, ಗೆಳೆಯನ ಸೋಮಾರಿತನದ ಮಾತಲ್ಲ. ಅವನ ವಾದವನ್ನೂ ಅಷ್ಟೇ ನಿಷ್ಠೆಯಿಂದ ಬರೆಯಬೇಕು: ಮನೆಯಲ್ಲಿ ಹೆಂಗಸರು ಒಬ್ಬರೇ ಮಾತಿಗೆ ಸಿಗುವುದಿಲ್ಲ ಎಂದು ಅವನು ಎಚ್ಚರಿಸಿದ್ದ.

ಕೊನೆಗೆ ನಿಲ್ದಾಣದಲ್ಲಿ 24, ಮನೆಗಳಲ್ಲಿ 16 ಎಂದು ಹಂಚಿಕೊಂಡರು. ಮುಂದೆ ಏನಾಯಿತೆಂಬುದೇ ಟಿಪ್ಪಣಿಯ ಜೀವ. ಹುಡುಗಿ ಹೀಗೆ ಬರೆಯಬಹುದು:

‘ಒಂದು ಮನೆಯ ಜಗಲಿಯಲ್ಲಿ ಸೊಸೆಯನ್ನು ಪ್ರಶ್ನೆ ಕೇಳಿದೆ. ಪ್ರತಿ ಉತ್ತರಕ್ಕೂ ಮೊದಲು ಆಕೆ ಅತ್ತೆಯ ಮುಖ ನೋಡಿದರು. ನಾನು ಹಟ ಹಿಡಿದು ತಂದ ವಿಧಾನಕ್ಕೂ ತೊಡಕಿದೆ ಎಂದು ಅಲ್ಲಿ ಗೊತ್ತಾಯಿತು. ಮನೆಯ ಉತ್ತರಗಳನ್ನು ವಿಶ್ಲೇಷಿಸುವಾಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ದಾಖಲಿಸಿದೆವು.’

ತಾನು ಗೆದ್ದೆ ಎನ್ನುವುದಾಗಲಿ, ಸುಮ್ಮನೆ ‘ತಪ್ಪಾಯಿತು’ ಎನ್ನುವುದಾಗಲಿ ಇಲ್ಲಿಲ್ಲ. ಜಗಳದಿಂದ ಅಧ್ಯಯನ ಎಲ್ಲಿ ತಿರುಗಿತು ಎಂಬುದು ಕಾಣುತ್ತದೆ.

ತಂಡದಲ್ಲಿ ಒಬ್ಬರು ನಿಜಕ್ಕೂ ಕೆಲಸವೇ ಮಾಡಲಿಲ್ಲವೇ? ಆ ದೂರನ್ನು ಪ್ರಾಜೆಕ್ಟ್ ನಡೆಯುತ್ತಿರುವಾಗಲೇ ಮೇಷ್ಟ್ರಿಗೆ ಹೇಳಿ. ಟಿಪ್ಪಣಿಯಲ್ಲಿ ಅವರ ಪಾಲಿನ ಕೆಲಸ ಯಾರ ಮೇಲೆ ಬಿತ್ತು, ಅದರಿಂದ ಏನು ಕೈಬಿಟ್ಟುಹೋಯಿತು ಎಂಬುದಷ್ಟು ಸಾಕು.

ಒಪ್ಪಿಸುವ ಮೊದಲು ಭಿನ್ನಾಭಿಪ್ರಾಯದ ಭಾಗವನ್ನು ಆ ಗೆಳೆಯನಿಗೇ ಓದಿ ಹೇಳಿ. ‘ನಾನು ಹೇಳಿದ್ದು ಇದನ್ನಲ್ಲ’ ಎಂದು ಅವನು ತಡೆದ ಕಡೆ ಮತ್ತೆ ತಿದ್ದಿ.