ಚಿತ್ರಕ್ಕೆ ತೊಂದರೆ ಇಲ್ಲ, ಸದ್ದು ಮಾತ್ರ ಕಡಿಯುತ್ತಿತ್ತು

ಸೌಂಡ್‌ಬಾರ್ ತಂದ ವಾರದಲ್ಲೇ ಸಮಸ್ಯೆ ಶುರುವಾಯಿತು. ಟಿವಿಗೆ ಜೋಡಿಸಿದ ಪ್ಲೇಯರ್‌ನಲ್ಲಿ ಬ್ಲೂ-ರೇ ಡಿಸ್ಕ್ ಹಾಕಿ ಸಿನಿಮಾ ನೋಡುತ್ತಾ ಕೂತರೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸದ್ದು ನಿಂತುಬಿಡುತ್ತಿತ್ತು. ಎರಡು ಮೂರು ಸೆಕೆಂಡ್ ಪೂರ್ತಿ ನಿಶ್ಶಬ್ದ, ಆಮೇಲೆ ಮತ್ತೆ ಬರುತ್ತಿತ್ತು. ಚಿತ್ರ ಒಂದು ಸಲವೂ ಕದಲಲಿಲ್ಲ. ಸಂಜೆ ಅಪ್ಪ ವಾರ್ತೆ ನೋಡುವಾಗಲೂ ಏನೂ ಆಗುತ್ತಿರಲಿಲ್ಲ. ಹಾಗಾಗಿ ಟಿವಿಯಿಂದ ಸೌಂಡ್‌ಬಾರ್‌ಗೆ ಹಾಕಿದ ಎಚ್‌ಡಿಎಂಐ ಕೇಬಲ್ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಚಿತ್ರ ಇಷ್ಟು ಚೆನ್ನಾಗಿ ಬರುತ್ತಿದೆ ಅಂದಮೇಲೆ ಕೇಬಲ್ ಸರಿಯಾಗೇ ಇರಬೇಕು, ಅಲ್ವಾ? ಆ ಲೆಕ್ಕ ತಪ್ಪಾಗಿತ್ತು.

ಮೊದಲು ಪೋರ್ಟ್ ನೋಡಿದೆ. ಟಿವಿಯ ಹಿಂದೆ ನಾಲ್ಕು ಎಚ್‌ಡಿಎಂಐ ಪೋರ್ಟ್ ಇದ್ದರೂ ಸದ್ದನ್ನು ಹೊರಗೆ ಕಳಿಸುವ ಇ-ಆರ್ಕ್ ಇರುವುದು ಒಂದರಲ್ಲಿ ಮಾತ್ರ. ಅದರ ಪಕ್ಕದಲ್ಲೇ eARC ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮ ಟಿವಿಯಲ್ಲಿ ಅದು ಎರಡನೆಯದು. ಬೇರೆ ಟಿವಿಗಳಲ್ಲಿ ಮೂರನೆಯದೂ ಇರಬಹುದು, ಹಾಗಾಗಿ ನಂಬರ್ ನಂಬಬೇಡಿ, ಅಕ್ಷರ ಓದಿ. ಬರೀ ARC ಅಂತಿದ್ದರೆ ಅದು ಹಳೆಯ ಪದ್ಧತಿ. ಎಂಥ ಕೇಬಲ್ ಹಾಕಿದರೂ ಅದು ಇ-ಆರ್ಕ್ ಆಗುವುದಿಲ್ಲ.

ಸೌಂಡ್‌ಬಾರ್ ಕಡೆ ಇನ್ನೂ ಗಮನ ಬೇಕು. ನಮ್ಮದರಲ್ಲಿ ಎರಡು ಪೋರ್ಟ್ ಇವೆ, ಒಂದು HDMI IN, ಇನ್ನೊಂದು HDMI OUT. ಟಿವಿಯಿಂದ ಸದ್ದು ಸೌಂಡ್‌ಬಾರ್ ಒಳಗೆ ಬರುತ್ತದಲ್ಲ, ಹಾಗಾದರೆ IN ಗೆ ಹಾಕಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಟಿವಿಗೆ ಹೋಗುವ ಕೇಬಲ್ OUT ನಲ್ಲೇ ಇರಬೇಕು. ಯಾಕಂದರೆ ಎಚ್‌ಡಿಎಂಐ ಲೆಕ್ಕದಲ್ಲಿ ದಿಕ್ಕನ್ನು ಚಿತ್ರ ನಿರ್ಧರಿಸುತ್ತದೆ. ಚಿತ್ರ ಸೌಂಡ್‌ಬಾರ್‌ನಿಂದ ಟಿವಿ ಕಡೆಗೆ ಹೋಗುತ್ತದೆ, ಸದ್ದು ಅದೇ ಕೇಬಲ್‌ನಲ್ಲಿ ಹಿಂದಕ್ಕೆ ಬರುತ್ತದೆ. ಆರ್ಕ್ ಅಂದರೆ ಆಡಿಯೋ ರಿಟರ್ನ್ ಚಾನೆಲ್, ಹೆಸರಿನಲ್ಲೇ ಈ ‘ರಿಟರ್ನ್’ ಇದೆ. IN ಅನ್ನುವುದು ಪ್ಲೇಯರ್, ಗೇಮ್ ಕನ್ಸೋಲ್ ಹಾಕುವ ಜಾಗ.

ನಮ್ಮ ಮನೆಯಲ್ಲಿ ಪೋರ್ಟ್ ಎರಡೂ ಕಡೆ ಸರಿಯಾಗೇ ಇತ್ತು. ಆದರೂ ಸದ್ದು ಕಡಿಯುತ್ತಿತ್ತು.

ಆಮೇಲೆ ಮಾಡಿದ ಒಂದು ಪರೀಕ್ಷೆಯಿಂದ ದಾರಿ ಸಿಕ್ಕಿತು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ eARC Mode ಅನ್ನು Auto ಇಂದ Off ಗೆ ಬದಲಿಸಿದೆ. ಆಗ ಟಿವಿ ಹಳೆಯ ಆರ್ಕ್ ಪದ್ಧತಿಗೆ ಇಳಿಯುತ್ತದೆ. ಅದೇ ಡಿಸ್ಕ್, ಅದೇ ಸಿನಿಮಾ ಪೂರ್ತಿ ನೋಡಿದೆ. ಒಂದು ಸಲವೂ ಸದ್ದು ನಿಲ್ಲಲಿಲ್ಲ. ಮತ್ತೆ Auto ಮಾಡಿದೆ, ಅರ್ಧ ಗಂಟೆಯೊಳಗೆ ಮೂರು ಸಲ ಕಡಿಯಿತು. ಅಂದರೆ ಪ್ಲೇಯರ್ ಸರಿ ಇದೆ, ಸೌಂಡ್‌ಬಾರ್ ಸರಿ ಇದೆ, ಮಧ್ಯದ ದಾರಿಯಲ್ಲೇ ಏನೋ ಇದೆ.

ಆ ದಾರಿ ಯಾವುದು ಅಂತ ಹೇಳಲೇಬೇಕು. ಎಚ್‌ಡಿಎಂಐ ಪ್ಲಗ್‌ನಲ್ಲಿ 19 ಪಿನ್ ಇವೆ. ಚಿತ್ರ ಹೋಗುವುದು ನಾಲ್ಕು ಜೋಡಿ ತಂತಿಗಳಲ್ಲಿ. ಪ್ರತಿ ಜೋಡಿಯ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು, ಮೇಲೆ ಫಾಯಿಲ್ ಸುತ್ತಿರುತ್ತಾರೆ. ಇ-ಆರ್ಕ್ ಸದ್ದಿಗೆ ಈ ನಾಲ್ಕರ ಜತೆ ಸಂಬಂಧವೇ ಇಲ್ಲ. ಅದು ಬರುವುದು 14 ಮತ್ತು 19ನೇ ಪಿನ್‌ಗಳ ತಂತಿಗಳಲ್ಲಿ. ಈ ಎರಡು ತಂತಿ ಜೋಡಿಯಾಗಿ ಕೆಲಸ ಮಾಡಬೇಕು. ಒಂದೇ ಸಂಕೇತ ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಹೋಗುತ್ತದೆ. ಸೌಂಡ್‌ಬಾರ್ ಎರಡರ ವ್ಯತ್ಯಾಸ ಮಾತ್ರ ಓದುತ್ತದೆ. ತಂತಿಗಳು ಹೊಸೆದಿದ್ದರೆ ಹೊರಗಿನ ವಿದ್ಯುತ್ ಗಲಾಟೆ ಎರಡರ ಮೇಲೂ ಒಂದೇ ಥರ ಬೀಳುತ್ತದೆ. ವ್ಯತ್ಯಾಸ ತೆಗೆದಾಗ ಆ ಗಲಾಟೆ ಕಳೆದುಹೋಗುತ್ತದೆ.

ಹಳೆ ಕೇಬಲ್ ಸೆಟ್‌ಟಾಪ್ ಬಾಕ್ಸ್ ಜತೆ ಬಂದದ್ದು. ಕೊನೆಗೆ ಅದನ್ನು ಬ್ಲೇಡ್‌ನಿಂದ ಸೀಳಿ ನೋಡಿದೆ. ಫಾಯಿಲ್ ಸುತ್ತಿದ ಜೋಡಿಗಳು ನಾಲ್ಕೇ ಇದ್ದವು. ಉಳಿದ ಸಣ್ಣ ತಂತಿಗಳು ಸುಮ್ನೆ ಬಿಡಿಬಿಡಿಯಾಗಿ ಹೋಗಿದ್ದವು. ‘ಇಥರ್ನೆಟ್ ಸಹಿತ’ ಅಂತ ಇರುವ ಕೇಬಲ್‌ನಲ್ಲಿ ಐದನೇ ಜೋಡಿ ಇರುತ್ತದೆ. ಅದೇ 14 ಮತ್ತು 19, ಹೊಸೆದು, ಫಾಯಿಲ್ ಸುತ್ತಿದ್ದು. ಇಥರ್ನೆಟ್ ಅನ್ನುವ ಪದ ನೋಡಿ ಇದು ಇಂಟರ್‌ನೆಟ್‌ಗೆ, ನಮಗೆ ಬೇಡ ಅಂತ ಬಿಡುತ್ತೇವೆ. ಆದರೆ ಇ-ಆರ್ಕ್‌ಗೆ ಬೇಕಾದದ್ದು ಆ ಜೋಡಿಯೇ.

ಹಾಗಾದರೆ ಹಳೆ ಆರ್ಕ್ ಅದೇ ಕೇಬಲ್‌ನಲ್ಲಿ ಹೇಗೆ ನಡೆಯಿತು? ಅದರ ಹೊರೆ ತೀರಾ ಕಡಿಮೆ, ಸೆಕೆಂಡಿಗೆ ಸುಮಾರು 1 ಮೆಗಾಬಿಟ್. ಅದಕ್ಕೆ 14ನೇ ತಂತಿ ಒಂದೇ ಸಾಕಾಗಬಹುದು. ಇ-ಆರ್ಕ್ 37 ಮೆಗಾಬಿಟ್ ತನಕ ಹೊರುತ್ತದೆ. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ ಸದ್ದೇ 18 ಮೆಗಾಬಿಟ್ ತನಕ ಏರಬಹುದು. ಆ ವೇಗದಲ್ಲಿ ಬಿಡಿ ತಂತಿಗಳಲ್ಲಿ ಸಂಕೇತ ಕದಡಿದರೆ ಸೌಂಡ್‌ಬಾರ್ ತಾಳ ತಪ್ಪುತ್ತದೆ. ಕಿರಿಚುವ ಸದ್ದು ಹೊರಡಿಸುವ ಬದಲು ಅದು ಮೌನವಾಗುತ್ತದೆ, ಟಿವಿಯ ಜತೆ ಸಂಪರ್ಕ ಮತ್ತೆ ಕುದುರಿಸಿಕೊಂಡು ಸದ್ದು ಬಿಡುತ್ತದೆ. ಆ ಎರಡು ಮೂರು ಸೆಕೆಂಡ್ ಅದಕ್ಕೇ ಹೋಗುತ್ತಿತ್ತು. ವಾರ್ತೆಯದು ಹಗುರವಾದ ಸ್ಟೀರಿಯೋ ಸದ್ದು, ಅದು ಹೇಗೋ ದಾಟಿಬಿಡುತ್ತಿತ್ತು.

ಇನ್ನೊಂದು ವಿಷಯ ನಿಧಾನವಾಗಿ ಗೊತ್ತಾಯಿತು. ಸಂಪಿನ ಮೋಟಾರ್ ಹಾಕಿದ ಕ್ಷಣದಲ್ಲೇ ಸದ್ದು ಹೋಗುವುದನ್ನು ನನ್ನ ಹೆಂಡತಿ ಗಮನಿಸಿದಳು. “ರೀ, ಈಗ ಆಫ್ ಮಾಡಿ ಮತ್ತೆ ಹಾಕ್ತೀನಿ, ನೋಡಿ” ಅಂತ ಒಳಗಿಂದ ಕೂಗಿದಳು. ಐದು ಸಲ ಹಾಕಿದರೆ ಮೂರು ಸಲ ಹೋಯಿತು. ಟಿವಿ ಹಿಂದೆ ಎಚ್‌ಡಿಎಂಐ ಕೇಬಲ್ ಮತ್ತು ಕರೆಂಟ್ ವೈರ್ ಒಂದೇ ಪೈಪಿನಲ್ಲಿ ಇಳಿದಿದ್ದವು. ಹೊಸೆಯದ ತಂತಿ ಆಂಟೆನಾ ಥರ ಆ ಗಲಾಟೆ ಹಿಡಿಯುತ್ತಿತ್ತು.

ಅಂಗಡಿಗೆ ಹೋದಾಗ ‘4ಕೆ’, ‘18 ಜಿಬಿಪಿಎಸ್’, ‘ಚಿನ್ನದ ಲೇಪ’ ಅಂತ ತೋರಿಸಿದರು. ಅವು ಯಾವುವೂ ಐದನೇ ಜೋಡಿಯ ಬಗ್ಗೆ ಹೇಳುವುದಿಲ್ಲ. ಕೇಬಲ್ ಮೈಮೇಲೆ ‘ಹೈ ಸ್ಪೀಡ್ ವಿತ್ ಇಥರ್ನೆಟ್’ ಅಂತ ಇರಬೇಕು, ಇಲ್ಲವೇ ‘ಅಲ್ಟ್ರಾ ಹೈ ಸ್ಪೀಡ್’ ಅಂತ ಇರಬೇಕು. ನಾನು ಎರಡನೆಯದನ್ನೇ ತಂದೆ. ಅದರ ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರದ ಚೀಟಿ ಇರುತ್ತದೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಬಹುದು. ಉದ್ದ 2 ಮೀಟರ್ ತೆಗೆದುಕೊಂಡೆ. ಜಾಸ್ತಿ ಉದ್ದ ತಂದು ಸುರುಳಿ ಸುತ್ತಿಡುವುದರಲ್ಲಿ ಲಾಭವಿಲ್ಲ. ಮಧ್ಯೆ ಜಾಯಿಂಟರ್, ಎಲ್ ಆಕಾರದ ಅಡಾಪ್ಟರ್ ಕೂಡ ತೆಗೆದುಹಾಕಿದೆ. ಕೇಬಲ್ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಆ ಜೋಡಿ ಬಿಡಿಯಾಗಿಬಿಡಬಹುದು.

ಗೋಡೆಯೊಳಗೆ ದೂರ ಎಳೆಯಬೇಕಾದವರು ಫೈಬರ್ ಇರುವ ಕೇಬಲ್ ಹಾಕುತ್ತಾರೆ. ಅದು ಇ-ಆರ್ಕ್‌ಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಇದೆಯಾ ಅಂತ ಮೊದಲು ನೋಡಿ. ಅದಕ್ಕೆ ದಿಕ್ಕೂ ಇದೆ. ‘ಸೋರ್ಸ್’ ಅನ್ನುವ ತುದಿ ಸೌಂಡ್‌ಬಾರ್‌ಗೆ, ‘ಡಿಸ್‌ಪ್ಲೇ’ ಅನ್ನುವುದು ಟಿವಿಗೆ. ಸದ್ದು ಹೋಗುವ ದಿಕ್ಕು ನೋಡಿ ಹಾಕಿದರೆ ಉಲ್ಟಾ ಆಗುತ್ತದೆ.

ಹೊಸ ಕೇಬಲನ್ನು ಕರೆಂಟ್ ಪೈಪಿನಿಂದ ಹೊರಗೆ, ಬೇರೆ ದಾರಿಯಲ್ಲಿ ಇಳಿಸಿದೆ. ಟಿವಿ, ಸೌಂಡ್‌ಬಾರ್ ಎರಡನ್ನೂ ಎರಡು ನಿಮಿಷ ಪ್ಲಗ್‌ನಿಂದ ತೆಗೆದಿಟ್ಟು ಮತ್ತೆ ಹಾಕಿದೆ. ಸೌಂಡ್‌ಬಾರ್ ಪರದೆಯಲ್ಲಿ eARC ಅಂತ ಬಂತು. ಅದೇ ಡಿಸ್ಕ್ ಹಾಕಿ ಎರಡೂವರೆ ಗಂಟೆ ನೋಡಿದೆವು. ನಡುವೆ ಅವಳು ಬೇಕಂತಲೇ ಎರಡು ಸಲ ಮೋಟಾರ್ ಹಾಕಿದಳು. ಸದ್ದು ನಿಲ್ಲಲಿಲ್ಲ.

ಈಗಲೂ ಆ್ಯಪ್‌ಗಳಲ್ಲಿ ಜಾಹೀರಾತು ಮುಗಿದು ಸಿನಿಮಾ ಶುರುವಾಗುವಾಗ ಒಂದು ಸೆಕೆಂಡ್ ಮೌನ ಇರುತ್ತದೆ. ಅದು ಕೇಬಲ್‌ನ ತಪ್ಪಲ್ಲ. ಸ್ಟೀರಿಯೋದಿಂದ ಡಾಲ್ಬಿಗೆ ಬದಲಾಗುವಾಗ ಸೌಂಡ್‌ಬಾರ್ ತೆಗೆದುಕೊಳ್ಳುವ ಸಮಯ ಅದು. ದೃಶ್ಯದ ಮಧ್ಯೆ, ಕಾರಣವಿಲ್ಲದೆ ಹೋದರೆ ಮಾತ್ರ ಕೇಬಲ್ ಕಡೆ ನೋಡಿ.